ತಲೆಕೆಳಗಾದರೆ ಮುರಿಯುವ ತೊಲೆ

ಎರಕದ ಕಬ್ಬಿಣದ ಒಂದು ತೊಲೆ ಇದೆ ಎನ್ನಿ. ಅಡ್ಡಲಾಗಿ ಕೊಯ್ದು ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರ. ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಭಾರ ಹೇರಿದರೆ ಅದು ಎಷ್ಟು ತಡೆದೀತು? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಟಿ ನೆಟ್ಟಗೆ ನಿಂತಿದ್ದರೆ ಒಂದು ಉತ್ತರ, ಅದೇ ತೊಲೆಯನ್ನು ಮಗುಚಿ ಇಟ್ಟರೆ ಇನ್ನೊಂದು. ಕಬ್ಬಿಣ ಅದೇ, ತೂಕ ಅದೇ, ಭಾರವೂ ಅದೇ. ಆದರೂ ಒಂದು ಭಂಗಿಯಲ್ಲಿ ತಾಳಿಕೊಂಡದ್ದು ಇನ್ನೊಂದರಲ್ಲಿ ಫಟ್ಟನೆ ಮುರಿಯಬಹುದು.

ಇದನ್ನು ಪ್ರಯೋಗ ಮಾಡಿ ಲೆಕ್ಕಕ್ಕೆ ಇಳಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಈಟನ್ ಹಾಡ್ಜ್‌ಕಿನ್ಸನ್. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆಗ ಹತ್ತಿಗಿರಣಿಗಳ ಕಾಲ. ಮರದ ತೊಲೆಗಳಿಗೆ ಬೆಂಕಿಯ ಭಯ ಇದ್ದುದರಿಂದ ಗಿರಣಿಗಳ ಮಹಡಿಗಳನ್ನು ಎರಕದ ಕಬ್ಬಿಣದ ತೊಲೆಗಳ ಮೇಲೆ ಕಟ್ಟುತ್ತಿದ್ದರು. ಹಾಡ್ಜ್‌ಕಿನ್ಸನ್ ವಿಲಿಯಂ ಫೇರ್‌ಬೇರ್ನ್ ಅವರ ಕಾರ್ಖಾನೆಯಲ್ಲಿ ಬೇರೆ ಬೇರೆ ಆಕಾರದ ತೊಲೆಗಳನ್ನು ಎರಕ ಹೊಯ್ಯಿಸಿ, ಒಂದೊಂದನ್ನೂ ಮುರಿಯುವ ತನಕ ಭಾರ ಹೇರಿ ನೋಡಿದರು. 1831ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೇಲೆ, ಕೆಳಗೆ ಒಂದೇ ಅಳತೆಯ ಪಟ್ಟಿ ಇರುವ ತೊಲೆಯೇ ಉತ್ತಮ ಎಂಬ ಆಗಿನ ನಂಬಿಕೆ ಸುಳ್ಳಾಗಿತ್ತು. ಕೆಳಪಟ್ಟಿಯ ವಿಸ್ತೀರ್ಣ ಮೇಲ್ಪಟ್ಟಿಯ ಸುಮಾರು 6 ಪಟ್ಟು ಇರುವ ತೊಲೆ, ಅದೇ ತೂಕದ ಕಬ್ಬಿಣದಲ್ಲಿ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತಿತ್ತು. ಮೇಲ್ಪಟ್ಟಿ ಇಷ್ಟು ಕಿರಿದಾದರೆ ಅದು ಹೆಚ್ಚುಕಡಿಮೆ ತಲೆಕೆಳಗಾದ ಟಿ ಆಕಾರವೇ.

ಕಾರಣ ಎರಕದ ಕಬ್ಬಿಣದ ಗುಣದಲ್ಲಿದೆ. ಅದನ್ನು ಅಮುಕಿದರೆ ಅಪಾರ ಬಲ ತಡೆಯುತ್ತದೆ, ಎಳೆದರೆ ಅದರ ಒಂದು ಪಾಲಿಗೇ ಸೋತು ಬಿರುಕು ಬಿಡುತ್ತದೆ. ಹಾಗಾಗಿ ಇಂಥ ತೊಲೆಯ ವಿಷಯದಲ್ಲಿ ಒಟ್ಟು ಎಷ್ಟು ಬಲ ಬಿತ್ತು ಎಂದು ಕೇಳಿದರೆ ಸಾಲದು. ಅತಿ ಹೆಚ್ಚಿನ ಎಳೆತ ಎಲ್ಲಿ, ಅತಿ ಹೆಚ್ಚಿನ ಒತ್ತಡ ಎಲ್ಲಿ ಎಂದು ಬೇರೆ ಬೇರೆಯಾಗಿ ಕೇಳಬೇಕು.

ಬಾಗಿದಾಗ ಒಳಗೆ ಏನಾಗುತ್ತದೆ

ದಪ್ಪನೆಯ ಸ್ಪಂಜಿನ ಬದಿಯ ಮೇಲೆ ಪೆನ್ನಿನಿಂದ ಮೇಲಿಂದ ಕೆಳಕ್ಕೆ ಸಮಾನಾಂತರವಾಗಿ ಕೆಲವು ಗೆರೆ ಎಳೆಯಿರಿ. ನಡು ಕೆಳಕ್ಕೆ ಜೋಲುವ ಹಾಗೆ ಸ್ಪಂಜನ್ನು ಬಾಗಿಸಿದರೆ ಗೆರೆಗಳು ನೇರವಾಗಿಯೇ ಉಳಿದು, ಮೇಲ್ಭಾಗದಲ್ಲಿ ಒಂದಕ್ಕೊಂದು ಹತ್ತಿರವಾಗುತ್ತವೆ, ಕೆಳಭಾಗದಲ್ಲಿ ದೂರವಾಗುತ್ತವೆ. ಮೇಲಿನದು ಅಮುಕಿದೆ, ಕೆಳಗಿನದು ಹಿಗ್ಗಿದೆ. ನಡುವೆ ಎಲ್ಲೋ ಒಂದು ಮಟ್ಟದಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಅದೇ ತಟಸ್ಥ ರೇಖೆ. ಅಲ್ಲಿಂದ ದೂರ ಹೋದಷ್ಟೂ ಹಿಗ್ಗು, ಕುಗ್ಗು ಅದೇ ಪ್ರಮಾಣದಲ್ಲಿ ಏರುತ್ತವೆ. ಕಬ್ಬಿಣದಂಥ ವಸ್ತುವಿನಲ್ಲಿ ಹಿಗ್ಗಿದಷ್ಟು ಎಳೆತ, ಕುಗ್ಗಿದಷ್ಟು ಒತ್ತಡ. ಒಂದು ಚದರ ಮಿಲಿಮೀಟರಿನ ಮೇಲೆ ಎಷ್ಟು ಬಲ ಬಿದ್ದಿದೆ ಎಂಬ ಅಳತೆಗೆ ಎಂಜಿನಿಯರುಗಳು ಸ್ಟ್ರೆಸ್ ಎನ್ನುತ್ತಾರೆ. ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಮೆಗಾಪ್ಯಾಸ್ಕಲ್.

ತಟಸ್ಥ ರೇಖೆ ಎಲ್ಲಿರುತ್ತದೆ ಎಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. 1638ರ ತನ್ನ ಪುಸ್ತಕದಲ್ಲಿ ಗೆಲಿಲಿಯೋ ಗೋಡೆಯಿಂದ ಹೊರಚಾಚಿದ ತೊಲೆಯನ್ನು ಪರಿಶೀಲಿಸಿದಾಗ, ಅದು ತನ್ನ ಕೆಳಅಂಚಿನ ಮೇಲೆ ತಿರುಗುತ್ತದೆ, ಉಳಿದದ್ದೆಲ್ಲ ಎಳೆತದಲ್ಲೇ ಇರುತ್ತದೆ ಎಂದುಕೊಂಡಿದ್ದ. ಈಗ ನಾವು ಬಳಸುವ ಸಿದ್ಧಾಂತಕ್ಕೆ ಸ್ಪಷ್ಟ ರೂಪ ಕೊಟ್ಟದ್ದು 1826ರ ನೇವಿಯೇ ಪುಸ್ತಕ. ಅದರ ಪ್ರಕಾರ ತಟಸ್ಥ ರೇಖೆ ಹಾದುಹೋಗುವುದು ಅಡ್ಡಕೊಯ್ತದ ಕೇಂದ್ರದ ಮೂಲಕ, ಅಂದರೆ ಆ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿದರೆ ಅದು ತೂಗಿ ನಿಲ್ಲುವ ಬಿಂದುವಿನ ಮೂಲಕ.

ಆಯತಾಕಾರದ ತೊಲೆಯಲ್ಲಿ ಆ ಬಿಂದು ಸರಿಯಾಗಿ ನಡುವೆ ಇರುವುದರಿಂದ ಮೇಲಿನ ಅಂಚಿನ ಒತ್ತಡವೂ ಕೆಳಗಿನ ಅಂಚಿನ ಎಳೆತವೂ ಸಮ. ಟಿ ಆಕಾರದಲ್ಲಿ ಹಾಗಲ್ಲ. ಅಡ್ಡಪಟ್ಟಿಯ ಕಡೆ ಕಬ್ಬಿಣ ಹೆಚ್ಚಿರುವುದರಿಂದ ಕೇಂದ್ರವೂ ಆ ಕಡೆಗೇ ಸರಿದಿರುತ್ತದೆ. ಅಡ್ಡಪಟ್ಟಿಯ ಅಂಚು ತಟಸ್ಥ ರೇಖೆಗೆ ಹತ್ತಿರ, ಕಾಲಿನ ತುದಿ ದೂರ. ಮುಂದಿನ ಕಥೆಯೆಲ್ಲ ಈ ಹತ್ತಿರ, ದೂರಗಳದ್ದು.

ಒಂದು ತೊಲೆಯ ಲೆಕ್ಕ

ಲೆಕ್ಕ ಸಲೀಸಾಗಿ ಬರುವಂಥ ಅಳತೆಗಳನ್ನೇ ತೆಗೆದುಕೊಳ್ಳೋಣ. ಅಡ್ಡಪಟ್ಟಿ 100 ಮಿಮೀ ಅಗಲ, 20 ಮಿಮೀ ದಪ್ಪ. ಅದರ ಕೆಳಗೆ ನಿಂತ ಕಾಲು 20 ಮಿಮೀ ದಪ್ಪ, 100 ಮಿಮೀ ಎತ್ತರ. ತೊಲೆಯ ಒಟ್ಟು ಎತ್ತರ 120 ಮಿಮೀ. ಎರಡು ತುಂಡುಗಳ ವಿಸ್ತೀರ್ಣವೂ 2000 ಚದರ ಮಿಮೀ. ಕಾಲಿನ ತುದಿಯಿಂದ ಅಳೆದರೆ ಕಾಲಿನ ಕೇಂದ್ರ 50 ಮಿಮೀ ದೂರದಲ್ಲಿದೆ, ಅಡ್ಡಪಟ್ಟಿಯ ಕೇಂದ್ರ 110 ಮಿಮೀ ದೂರದಲ್ಲಿದೆ. ವಿಸ್ತೀರ್ಣ ಸಮ ಇರುವುದರಿಂದ ಇಡೀ ಆಕಾರದ ಕೇಂದ್ರ ಇವೆರಡರ ನಡುಮಧ್ಯೆ, ಅಂದರೆ 80 ಮಿಮೀಗೆ ಬೀಳುತ್ತದೆ. ತಟಸ್ಥ ರೇಖೆಯಿಂದ ಕಾಲಿನ ತುದಿ 80 ಮಿಮೀ ದೂರ, ಅಡ್ಡಪಟ್ಟಿಯ ಹೊರ ಅಂಚು 40 ಮಿಮೀ ದೂರ. ಒಂದಕ್ಕೆ ಎರಡು.

ಬಾಗುವುದನ್ನು ಈ ಆಕಾರ ಎಷ್ಟು ಗಟ್ಟಿಯಾಗಿ ತಡೆಯುತ್ತದೆ ಎಂಬುದಕ್ಕೂ ಒಂದು ಸಂಖ್ಯೆ ಬೇಕು. ಅದನ್ನು I ಎಂದು ಬರೆಯುತ್ತಾರೆ. ತಟಸ್ಥ ರೇಖೆಯಿಂದ ದೂರ ಇರುವ ಕಬ್ಬಿಣಕ್ಕೆ ಇದರಲ್ಲಿ ಹೆಚ್ಚು ಬೆಲೆ, ಏಕೆಂದರೆ ದೂರದ ವರ್ಗವನ್ನು ವಿಸ್ತೀರ್ಣದಿಂದ ಗುಣಿಸಿ ಕೂಡುತ್ತಾರೆ. ಎರಡು ತುಂಡುಗಳ ಕೇಂದ್ರಗಳೂ ತಟಸ್ಥ ರೇಖೆಯಿಂದ 30 ಮಿಮೀ ದೂರದಲ್ಲಿವೆ. ಪ್ರತಿಯೊಂದು ತುಂಡಿನ ಸ್ವಂತ ಪಾಲನ್ನೂ ಸೇರಿಸಿದರೆ ಹೀಗಾಗುತ್ತದೆ:

```
I = (100×20³/12 + 2000×30²) + (20×100³/12 + 2000×30²)
  = 53,33,333 mm⁴
```

ಇನ್ನು ಸ್ಟ್ರೆಸ್‌ಗೆ ಒಂದೇ ಸೂತ್ರ: `σ = M × y / I`. ಇದರಲ್ಲಿ M ಎಂದರೆ ಆ ಜಾಗದಲ್ಲಿ ತೊಲೆಯನ್ನು ಬಾಗಿಸುತ್ತಿರುವ ಬಲದ ತಿರುಚಾಟ, ಎಂಜಿನಿಯರುಗಳ ಮಾತಿನಲ್ಲಿ ಬೆಂಡಿಂಗ್ ಮೊಮೆಂಟ್. y ಎಂದರೆ ತಟಸ್ಥ ರೇಖೆಯಿಂದ ಇರುವ ದೂರ. ನಮ್ಮ ತೊಲೆಗೆ ಇದನ್ನು ಬಾಯಿಲೆಕ್ಕಕ್ಕೆ ಇಳಿಸಬಹುದು. ಪ್ರತಿ ಒಂದು ಕಿಲೋನ್ಯೂಟನ್-ಮೀಟರ್ ಮೊಮೆಂಟಿಗೆ ಕಾಲಿನ ತುದಿಯಲ್ಲಿ 15 ಮೆಗಾಪ್ಯಾಸ್ಕಲ್, ಅಡ್ಡಪಟ್ಟಿಯ ಅಂಚಿನಲ್ಲಿ 7.5 ಮೆಗಾಪ್ಯಾಸ್ಕಲ್.

ಈಗ ತೊಲೆಯನ್ನು ಕೂರಿಸೋಣ. ಎರಡು ಆಧಾರಗಳ ನಡುವೆ 2 ಮೀಟರ್ ಅಂತರ. ಬಲಗಡೆಯ ಆಧಾರವನ್ನು ದಾಟಿ ತೊಲೆ ಇನ್ನೂ 1 ಮೀಟರ್ ಹೊರಚಾಚಿದೆ. ಆಧಾರಗಳ ನಡುಮಧ್ಯೆ 10 ಕಿಲೋನ್ಯೂಟನ್ ಭಾರ, ಅಂದರೆ ಸುಮಾರು ಒಂದು ಟನ್. ಹೊರಚಾಚಿನ ತುದಿಯಲ್ಲಿ 4 ಕಿಲೋನ್ಯೂಟನ್. ಅಡ್ಡಪಟ್ಟಿ ಮೇಲೆ, ಕಾಲು ಕೆಳಗೆ. ತೊಲೆಯ ಸ್ವಂತ ತೂಕ ಸುಮಾರು 86 ಕಿಲೋ ಆಗುತ್ತದೆ, ಈ ಭಾರಗಳ ಮುಂದೆ ಅದು ಚಿಕ್ಕದಾದ್ದರಿಂದ ಲೆಕ್ಕಕ್ಕೆ ಹಿಡಿಯುವುದು ಬೇಡ.

ಹೊರಚಾಚಿನ ಭಾರ ತೊಲೆಯ ಎಡತುದಿಯನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಆದ್ದರಿಂದ ಎಡ ಆಧಾರಕ್ಕೆ ಬರುವುದು 3 ಕಿಲೋನ್ಯೂಟನ್ ಮಾತ್ರ, ಉಳಿದ 11 ಬಲ ಆಧಾರದ ಪಾಲು. ಎಡದಿಂದ ಒಂದು ಮೀಟರ್ ದೂರದಲ್ಲಿರುವ ನಡುಭಾರದ ಕೆಳಗೆ ಮೊಮೆಂಟ್ 3 × 1 = 3. ಅಲ್ಲಿ ತೊಲೆ ಕೆಳಕ್ಕೆ ಜೋಲುತ್ತದೆ. ಬಲ ಆಧಾರದ ಮೇಲೆ ಮೊಮೆಂಟ್ 4 × 1 = 4. ಅಲ್ಲಿ ತೊಲೆ ಗೂನು ಬೆನ್ನಿನಂತೆ ಮೇಲಕ್ಕೆ ಉಬ್ಬುತ್ತದೆ. ಒಂದೇ ತೊಲೆ, ಎರಡು ಕಡೆ ವಿರುದ್ಧ ಬಾಗು.

ದೊಡ್ಡ ಮೊಮೆಂಟ್ ಇದ್ದಲ್ಲೇ ದೊಡ್ಡ ಎಳೆತವೇ?

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ಅತಿ ದೊಡ್ಡ ಮೊಮೆಂಟ್ 4, ಅದು ಬಲ ಆಧಾರದ ಮೇಲಿದೆ, ಆದ್ದರಿಂದ ಅದೇ ನಿರ್ಣಾಯಕ ಜಾಗ ಎಂದು ಅಲ್ಲಿ ಮಾತ್ರ ಲೆಕ್ಕ ಹಾಕುತ್ತಾರೆ. ಅಲ್ಲಿ ತೊಲೆ ಮೇಲಕ್ಕೆ ಉಬ್ಬಿರುವುದರಿಂದ ಮೇಲಿನ ಅಡ್ಡಪಟ್ಟಿಯಲ್ಲಿ ಎಳೆತ, 4 × 7.5 = 30 ಮೆಗಾಪ್ಯಾಸ್ಕಲ್. ಕೆಳಗಿನ ಕಾಲಿನ ತುದಿಯಲ್ಲಿ ಒತ್ತಡ, 4 × 15 = 60. ಉತ್ತರ ಬಂತು ಎಂದು ಪೆನ್ನು ಕೆಳಗಿಡುತ್ತಾರೆ.

ನಡುಭಾರದ ಕೆಳಗೆ ಏನಿದೆ ನೋಡಿ. ಅಲ್ಲಿ ಮೊಮೆಂಟ್ 3 ಮಾತ್ರ. ಆದರೆ ತೊಲೆ ಕೆಳಕ್ಕೆ ಜೋತಿರುವುದರಿಂದ ಎಳೆತ ಬೀಳುವುದು ಕಾಲಿನ ತುದಿಗೆ, ಅದೂ ತಟಸ್ಥ ರೇಖೆಯಿಂದ 80 ಮಿಮೀ ದೂರದ ತುದಿಗೆ. 3 × 15 = 45 ಮೆಗಾಪ್ಯಾಸ್ಕಲ್. ಮೇಲಿನ ಅಡ್ಡಪಟ್ಟಿಯಲ್ಲಿ ಒತ್ತಡ 22.5. ಈ ತೊಲೆಯ ಅತಿ ಹೆಚ್ಚಿನ ಎಳೆತ 30 ಅಲ್ಲ, 45. ಅದು ಇರುವುದು ದೊಡ್ಡ ಮೊಮೆಂಟ್ ಇರುವಲ್ಲಿ ಅಲ್ಲ, ಚಿಕ್ಕ ಮೊಮೆಂಟ್ ಇರುವಲ್ಲಿ. ಅತಿ ಹೆಚ್ಚಿನ ಒತ್ತಡ 60 ಮಾತ್ರ ಆಧಾರದ ಮೇಲೆ. ಅಂದರೆ ಈ ತೊಲೆಗೆ ನಿರ್ಣಾಯಕ ಜಾಗ ಒಂದಲ್ಲ, ಎರಡು. ಒಂದು ಎಳೆತಕ್ಕೆ, ಒಂದು ಒತ್ತಡಕ್ಕೆ.

ಹಾಗಾಗಿ ಹೋಲಿಸಬೇಕಾದದ್ದು ಮೊಮೆಂಟುಗಳನ್ನಲ್ಲ, ಮೊಮೆಂಟ್ ಮತ್ತು ದೂರದ ಗುಣಲಬ್ಧವನ್ನು. ಎಳೆತದ ಮಟ್ಟಿಗೆ ನಡುವೆ 3 × 80 = 240, ಆಧಾರದಲ್ಲಿ 4 × 40 = 160. ಈ ತೊಲೆಯಲ್ಲಿ ಆಧಾರದ ಮೊಮೆಂಟ್ ನಡುವಿನದರ ಎರಡು ಪಟ್ಟನ್ನು ದಾಟುವ ತನಕ ಎಳೆತದ ಪಟ್ಟ ನಡುಭಾಗಕ್ಕೇ.

ಉತ್ತರ ಸರಿಯೇ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ತೊಲೆ ಸುಮ್ಮನೆ ನಿಂತಿದೆ, ಎಡಕ್ಕೋ ಬಲಕ್ಕೋ ಜಾರುತ್ತಿಲ್ಲ. ಆದ್ದರಿಂದ ಯಾವುದೇ ಅಡ್ಡಕೊಯ್ತದಲ್ಲಿ ಒಟ್ಟು ಎಳೆತದ ಬಲವೂ ಒಟ್ಟು ಒತ್ತಡದ ಬಲವೂ ಸಮ ಇರಲೇಬೇಕು. ನಡುಭಾಗದಲ್ಲಿ ತಟಸ್ಥ ರೇಖೆಯ ಕೆಳಗಿರುವುದು 20 × 80 = 1600 ಚದರ ಮಿಮೀ ಕಾಲು. ಸ್ಟ್ರೆಸ್ ಅಲ್ಲಿ ಸೊನ್ನೆಯಿಂದ 45ರ ತನಕ ಏರುತ್ತದೆ, ಸರಾಸರಿ 22.5. ಗುಣಿಸಿದರೆ 36,000 ನ್ಯೂಟನ್. ಮೇಲ್ಭಾಗದಲ್ಲಿ ಅಡ್ಡಪಟ್ಟಿಯ ಸರಾಸರಿ ಒತ್ತಡ 16.875, ಅದು 2000 ಚದರ ಮಿಮೀ ಮೇಲೆ 33,750 ನ್ಯೂಟನ್. ಅಡ್ಡಪಟ್ಟಿಗೂ ತಟಸ್ಥ ರೇಖೆಗೂ ನಡುವೆ ಉಳಿದ 20 ಮಿಮೀ ಕಾಲಿನದು 2,250 ನ್ಯೂಟನ್. ಕೂಡಿದರೆ 36,000. ಎರಡೂ ಸರಿಹೊಂದಿದವು. ಕೇಂದ್ರವನ್ನು ತಪ್ಪಾಗಿ 60 ಮಿಮೀಗೆ, ಅಂದರೆ ಒಟ್ಟು ಎತ್ತರದ ಅರ್ಧಕ್ಕೆ ಹಿಡಿದವರಿಗೆ ಈ ಸಮ ಎಂದೂ ಬರುವುದಿಲ್ಲ. ಕಾಲಿನ ತುದಿ ಯಾಕೆ ಅಷ್ಟು ನಲುಗುತ್ತದೆ ಎಂಬುದೂ ಇದರಲ್ಲೇ ಕಾಣುತ್ತದೆ: ಅಡ್ಡಪಟ್ಟಿಯ ಕಡೆ ಅಗಲವಾಗಿ ಹಂಚಿಹೋದ ಬಲವನ್ನೇ ಈ ಕಡೆ ಕಿರಿದಾದ ಕಾಲು ಒಂಟಿಯಾಗಿ ಹೊರಬೇಕು.

ಮಗುಚಿದರೆ, ಭಾರ ತೆಗೆದರೆ

ಈ ಕಬ್ಬಿಣಕ್ಕೆ ಎಳೆತದಲ್ಲಿ 50 ಮೆಗಾಪ್ಯಾಸ್ಕಲ್‌ಗಿಂತ ಹೆಚ್ಚು ಬರಕೂಡದು ಎಂಬ ಮಿತಿ ಹಾಕಿಕೊಳ್ಳೋಣ. ಒತ್ತಡಕ್ಕೆ ಅದರ ಮೂರು ಪಟ್ಟಾದರೂ ಅವಕಾಶ ಇರಲಿ. ಎಳೆತ 45, ಒತ್ತಡ 60 ಇರುವ ನಮ್ಮ ತೊಲೆ ಪಾಸು.

ಈಗ ಅದನ್ನು ಮಗುಚಿ, ಅಡ್ಡಪಟ್ಟಿ ಕೆಳಗೆ ಬರುವಂತೆ ಇಡಿ. ಮೊಮೆಂಟುಗಳು ಬದಲಾಗುವುದಿಲ್ಲ. ಆದರೆ ಆಧಾರದ ಮೇಲೆ ಎಳೆತ ಈಗ ಕಾಲಿನ ತುದಿಗೆ ಬಿತ್ತು, 60 ಮೆಗಾಪ್ಯಾಸ್ಕಲ್. ಮಿತಿ ದಾಟಿತು, ಫೇಲು. ಹಾಡ್ಜ್‌ಕಿನ್ಸನ್ ಹೇಳಿದ್ದು ಕೆಳಪಟ್ಟಿ ದೊಡ್ಡದಿರಲಿ ಎಂದಲ್ಲವೇ ಎಂದು ಕೇಳಬಹುದು. ಅವರ ತೊಲೆಗಳು ಎರಡು ತುದಿಯಲ್ಲಿ ಮಾತ್ರ ಆಧಾರ ಇದ್ದವು, ಉದ್ದಕ್ಕೂ ಕೆಳಕ್ಕೇ ಜೋಲುವಂಥವು. ಎಳೆತ ಯಾವಾಗಲೂ ಕೆಳಗೇ. ಹೊರಚಾಚು ಬಂದ ಕೂಡಲೇ ಆ ನಿಯಮವನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು.

ಇನ್ನೊಂದು ಸಂದರ್ಭ. ತೊಲೆಯನ್ನು ಮೊದಲಿನಂತೆ ಅಡ್ಡಪಟ್ಟಿ ಮೇಲಾಗಿ ಇಟ್ಟು, ಹೊರಚಾಚಿನ ತುದಿಯಲ್ಲಿದ್ದ 4 ಕಿಲೋನ್ಯೂಟನ್ ಭಾರವನ್ನು ಇಳಿಸಿಬಿಡಿ. ಭಾರ ಕಡಿಮೆಯಾಯಿತು, ತೊಲೆಗೆ ನಿರಾಳ ಎನಿಸುತ್ತದೆ. ಆದದ್ದು ತದ್ವಿರುದ್ಧ. ಹೊರಚಾಚಿನ ಭಾರ ನಡುಭಾಗದ ಜೋಲನ್ನು ಒಂದಿಷ್ಟು ಎತ್ತಿ ಹಿಡಿದಿತ್ತು. ಅದು ಹೋದ ಮೇಲೆ ಎಡ ಆಧಾರಕ್ಕೆ 5 ಕಿಲೋನ್ಯೂಟನ್ ಬರುತ್ತದೆ, ನಡುವಿನ ಮೊಮೆಂಟ್ 3ರಿಂದ 5ಕ್ಕೆ ಏರುತ್ತದೆ, ಕಾಲಿನ ತುದಿಯ ಎಳೆತ 45ರಿಂದ 75ಕ್ಕೆ ಜಿಗಿಯುತ್ತದೆ. ಎಲ್ಲ ಭಾರ ಹೊತ್ತಾಗ ಪಾಸಾಗಿದ್ದ ತೊಲೆ, ಒಂದು ಭಾರ ಇಳಿಸಿದಾಗ ಫೇಲಾಯಿತು. ಜನ, ಸಾಮಾನು, ವಾಹನದಂಥ ಬಂದು ಹೋಗುವ ಭಾರಗಳು ಇರುವ ಕಡೆ ಎಂಜಿನಿಯರುಗಳು ಒಂದೇ ಬಾರಿ ಲೆಕ್ಕ ಹಾಕಿ ಸುಮ್ಮನಾಗದಿರುವುದು ಇದಕ್ಕೇ. ನಡುವೆ ಮಾತ್ರ ಭಾರ, ಹೊರಚಾಚಿನಲ್ಲಿ ಮಾತ್ರ ಭಾರ, ಎರಡೂ ಕಡೆ ಭಾರ ಎಂದು ಪ್ರತಿ ಸಂದರ್ಭಕ್ಕೂ ಬೇರೆ ಲೆಕ್ಕ ಮಾಡಿ, ಎಲ್ಲಕ್ಕಿಂತ ಕೆಟ್ಟದ್ದನ್ನು ಆರಿಸುತ್ತಾರೆ.

ಸೂತ್ರ ಹೇಳದ ಸಂಗತಿಗಳು

ಈ ಲೆಕ್ಕ ನಿಂತ ಭಾರಕ್ಕೆ ಸಂಬಂಧಿಸಿದ್ದು. ಓಡುವ ರೈಲಿನ ಭಾರ ಬೇರೆಯೇ. 1847ರ ಮೇ 24ರಂದು ಇಂಗ್ಲೆಂಡಿನ ಚೆಸ್ಟರ್ ಊರಿನ ಡೀ ನದಿಯ ಸೇತುವೆಯಲ್ಲಿ ಎರಕದ ಕಬ್ಬಿಣದ ಗರ್ಡರ್ ಒಂದು ರೈಲು ಹಾಯುವಾಗ ಮುರಿದು ಐದು ಮಂದಿ ಸತ್ತರು. ಅದರ ವಿನ್ಯಾಸ ಹೆಸರಾಂತ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಅವರದು. ಅಪಘಾತದ ಬಳಿಕ, ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ಬಳಕೆ ಕುರಿತು ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗದಲ್ಲಿ ಹಾಡ್ಜ್‌ಕಿನ್ಸನ್ ಕೂಡ ಸದಸ್ಯರಾಗಿದ್ದರು. ಚಲಿಸುವ ಭಾರ ಮತ್ತು ಮತ್ತೆ ಮತ್ತೆ ಬೀಳುವ ಭಾರ ಕಬ್ಬಿಣವನ್ನು ಹೇಗೆ ಕುಂದಿಸುತ್ತವೆ ಎಂಬುದನ್ನು ಆ ಆಯೋಗ ಪ್ರಯೋಗಗಳಿಂದ ಪರೀಕ್ಷಿಸಿತು.

ಇನ್ನೊಂದು ಮಿತಿ ಕಾಲಿನದು. ಆಧಾರದ ಬಳಿ ನಮ್ಮ ತೊಲೆಯ ಕಾಲು 60 ಮೆಗಾಪ್ಯಾಸ್ಕಲ್ ಒತ್ತಡದಲ್ಲಿದೆ. 20 ಮಿಮೀ ದಪ್ಪದ ಕಾಲಿಗೆ ಅದು ತೊಂದರೆಯಲ್ಲ. ಕಾಲನ್ನು ತೀರಾ ತೆಳುವಾಗಿಸಿದರೆ ಕಬ್ಬಿಣ ಜಜ್ಜಿಹೋಗುವ ಮೊದಲೇ ಅದು ಪಕ್ಕಕ್ಕೆ ಮಡಚಿಕೊಳ್ಳಬಹುದು. ಈ ಸೂತ್ರ ಅದರ ಸುಳಿವು ಕೊಡುವುದಿಲ್ಲ, ಅದನ್ನು ಬೇರೆಯಾಗಿಯೇ ನೋಡಬೇಕು.

ನಮ್ಮ ಮನೆಯ ಟಿ ತೊಲೆ

ಇದೆಲ್ಲ ಹಳೆಯ ಗಿರಣಿಗಳ ಮಾತು ಎಂದುಕೊಳ್ಳಬೇಡಿ. ನಮ್ಮೂರುಗಳ ಆರ್‌ಸಿಸಿ ಮನೆಗಳಲ್ಲಿ ತೊಲೆ ಮತ್ತು ಮೇಲಿನ ಸ್ಲ್ಯಾಬ್‌ಗೆ ಒಟ್ಟಿಗೇ ಕಾಂಕ್ರೀಟ್ ಹಾಕುತ್ತಾರೆ. ಹಾಗೆ ಒಂದಾದ ಮೇಲೆ ಸ್ಲ್ಯಾಬಿನ ಒಂದಷ್ಟು ಅಗಲ ತೊಲೆಯ ಅಡ್ಡಪಟ್ಟಿಯಾಗಿ ಕೆಲಸ ಮಾಡುತ್ತದೆ. ಕಾಂಕ್ರೀಟಿನ ಸ್ವಭಾವವೂ ಎರಕದ ಕಬ್ಬಿಣದಂಥದ್ದೇ: ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ದುರ್ಬಲ. ಅದಕ್ಕಾಗಿಯೇ ಎಳೆತ ಬರುವಲ್ಲಿ ಉಕ್ಕಿನ ರಾಡ್ ಹಾಕುವುದು. ಬಿರುಕು ಬಿಟ್ಟ ಕಾಂಕ್ರೀಟಿಗೆ ಮೇಲಿನ ಸೂತ್ರ ನೇರವಾಗಿ ಹೊಂದುವುದಿಲ್ಲ, ಅದರ ಲೆಕ್ಕದ ಕ್ರಮ ಬೇರೆ. ಆದರೆ ಎಳೆತ ಯಾವ ಕಡೆ ಎಂಬ ಪ್ರಶ್ನೆ ಮಾತ್ರ ಅದೇ. ಕೋಣೆಯ ನಡುವೆ ತೊಲೆ ಕೆಳಕ್ಕೆ ಜೋಲುತ್ತದೆ, ಎಳೆತ ಕಾಲಿನ ತಳದಲ್ಲಿ, ಮುಖ್ಯ ರಾಡ್ ಕೆಳಗೆ. ಕಂಬದ ಮೇಲೆ ಮತ್ತು ಬಾಲ್ಕನಿಯ ಬುಡದಲ್ಲಿ ತೊಲೆ ಮೇಲಕ್ಕೆ ಉಬ್ಬುತ್ತದೆ, ಎಳೆತ ಸ್ಲ್ಯಾಬಿನ ಕಡೆ, ಮುಖ್ಯ ರಾಡ್ ಮೇಲೆ.

ಬಿರುಕುಗಳೂ ಇದನ್ನೇ ಹೇಳುತ್ತವೆ. ನಡುಭಾಗದಲ್ಲಿ ಎಳೆತ ಹೆಚ್ಚಾದರೆ ತೊಲೆಯ ತಳದಿಂದ ಮೇಲಕ್ಕೆ ಹೊರಟ ನೇರ ಬಿರುಕು ಕೆಳಗೆ ನಿಂತವರ ಕಣ್ಣಿಗೆ ಬೀಳುತ್ತದೆ. ಬಾಲ್ಕನಿಯ ಬುಡದ ಬಿರುಕು ಮೇಲ್ಮೈಯಲ್ಲಿ, ಗೋಡೆಗೆ ಸಮಾನಾಂತರವಾಗಿ ತೆರೆಯುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದ್ದರೆ ಅದು ಕಾಣುವುದೇ ಇಲ್ಲ.

ಕಟ್ಟಡದ ಕೆಲಸದಲ್ಲಿ ಮೇಲಿನ ರಾಡಿಗೆ ದೊಡ್ಡ ಶತ್ರು ಕಾಲ್ತುಳಿತ. ಕಾಂಕ್ರೀಟ್ ಹಾಕುವ ದಿನ ಬಾಂಡ್ಲಿ ಹೊತ್ತು ಓಡಾಡುವವರು ಅದರ ಮೇಲೆಯೇ ನಡೆದು ಅದನ್ನು ಕೆಳಕ್ಕೆ ತಗ್ಗಿಸುತ್ತಾರೆ. ನಕ್ಷೆಯಲ್ಲಿ ಮೇಲಿದ್ದ ಉಕ್ಕು ಒತ್ತಡದ ಕಡೆಗೆ ಜಾರುತ್ತದೆ, ಎಳೆತದ ಕಡೆ ಬರೀ ಕಾಂಕ್ರೀಟ್ ಉಳಿಯುತ್ತದೆ. ಮನೆ ಕಟ್ಟಿಸುವವರು ಸೂತ್ರ ಕಲಿಯಬೇಕಿಲ್ಲ. ಕಾಂಕ್ರೀಟ್ ಬೀಳುವ ಮೊದಲು ಬಾಲ್ಕನಿಯ ಬುಡದಲ್ಲಿ ನಿಂತು, ಮುಖ್ಯ ರಾಡ್ ಮೇಲಿದೆಯೇ, ಅದು ತಗ್ಗದಂತೆ ಕೆಳಗೆ ಚೇರ್ ರಾಡ್ ಕೊಟ್ಟಿದ್ದಾರೆಯೇ, ಗೋಡೆಯಿಂದ ಒಳಕ್ಕೆ ಅದು ಸಾಕಷ್ಟು ದೂರ ಹೋಗಿದೆಯೇ ಎಂದು ಮೇಸ್ತ್ರಿಯನ್ನೂ ಎಂಜಿನಿಯರನ್ನೂ ಕೇಳಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ.